ಅಪ್‌ಡೇಟ್: ಎರಡು ಅಂಕಣದ ರೆಸ್ಯೂಮೆಯಲ್ಲಿ ಕೌಶಲಗಳು ಕಾಣೆಯಾದದ್ದು

ನನ್ನ ಪ್ರಶ್ನೆ: "ಜಾಹೀರಾತು ಕೇಳಿದ ಕೌಶಲಗಳೆಲ್ಲ ರೆಸ್ಯೂಮೆಯಲ್ಲಿವೆ. ಆದರೂ ಅರ್ಜಿಯ ಪೋರ್ಟಲ್ ಅವನ್ನು ಏಕೆ ಗುರುತಿಸುತ್ತಿಲ್ಲ?"

ನೀವು ಹೇಳಿದಂತೆ ಪಿಡಿಎಫ್‌ನ ಪಠ್ಯವನ್ನೆಲ್ಲ ನಕಲಿಸಿ ನೋಟ್‌ಪ್ಯಾಡ್‌ಗೆ ಅಂಟಿಸಿದೆ. ಕಳ್ಳ ಸಿಕ್ಕಿಬಿದ್ದ! ಎಡ ಅಂಕಣದ "ಡೇಟಾ" ಪದದ ಬೆನ್ನಿಗೇ ಬಲ ಅಂಕಣದ "ಹಿರಿಯ ಲೆಕ್ಕಿಗ, 2019" ಬಂದು ಕುಳಿತಿತ್ತು. "ಅನಾಲಿಸಿಸ್" ಮುಂದಿನ ಸಾಲಿಗೆ ಜಾರಿತ್ತು. ತಂತ್ರಾಂಶ ಹೀಗೆ ಎರಡೂ ಅಂಕಣಗಳನ್ನು ಅಡ್ಡಡ್ಡ ಓದಿದರೆ "ಡೇಟಾ ಅನಾಲಿಸಿಸ್" ಸಿಗುವುದಾದರೂ ಹೇಗೆ? ಟ್ಯಾಲಿಯ ಹೆಸರಿಗೆ ಬದಲು ಲೋಗೋ ಚಿತ್ರವಿತ್ತು, ಅದರ ಸುಳಿವೇ ಇರಲಿಲ್ಲ.

ಈಗ ಎಲ್ಲವೂ ಒಂದೇ ಅಂಕಣದಲ್ಲಿದೆ, ಟ್ಯಾಲಿ ಅಕ್ಷರದಲ್ಲಿದೆ. ಕೆಲವು ವ್ಯವಸ್ಥೆಗಳು ಹೆಡರ್ ಓದುವುದಿಲ್ಲವಾದ್ದರಿಂದ ಫೋನ್ ಸಂಖ್ಯೆಯನ್ನೂ ಪುಟದೊಳಗೆ ಇಳಿಸಿದೆ. ಮತ್ತೆ ಅಪ್‌ಲೋಡ್ ಮಾಡಿದಾಗ ಪೋರ್ಟಲ್ ತಾನೇ ತುಂಬಿದ ಅರ್ಜಿಯಲ್ಲಿ ಕೌಶಲಗಳೆಲ್ಲ ಬಂದವು. ಸಂದರ್ಶನದ ಕರೆ ಮಾತ್ರ ಇನ್ನೂ ಬಂದಿಲ್ಲ.