ಅಜ್ಜಿಯ ಹನ್ನೊಂದು ಸೆಕೆಂಡು

ಗಾಣದ ಅಂಗಡಿ: ತಿಪಟೂರಿನ ಹತ್ತಿರ ನಮ್ಮದೊಂದು ಮರದ ಗಾಣ. ಎಣ್ಣೆಯ ಬಗ್ಗೆ ಎರಡು ನಿಮಿಷದ ವಿಡಿಯೊ ಮಾಡಿಸಿ ಯೂಟ್ಯೂಬ್ ಮತ್ತು ಇನ್‌ಸ್ಟಾಗ್ರಾಂಗೆ ಹಾಕಿದ್ದೇವೆ. ನಾಲ್ವರು ಗಿರಾಕಿಗಳು ಮಾತನಾಡಿದ್ದಾರೆ. ಅವರಲ್ಲೊಬ್ಬ ಅಜ್ಜಿ, ‘ನನ್ನ ಸಕ್ಕರೆ ಕಾಯಿಲೆ ಇಳಿಯಿತು’ ಎಂದು ನಗುತ್ತಲೇ ಹೇಳಿದ್ದರು. ಈಗ ಅವರ ಮಗ ತೆಗೆಯಿರಿ ಎಂದು ದಿನಾ ಫೋನ್ ಮಾಡುತ್ತಿದ್ದಾರೆ. ಬರವಣಿಗೆಯಲ್ಲಿ ಏನೂ ಪಡೆದಿಲ್ಲ. ತೆಗೆಯಲೇಬೇಕೆ? ಮುಂದಿನ ಬಾರಿ ಏನು ಬರೆಸಿಕೊಳ್ಳಲಿ?

ಹಳೇಪೇಟೆ: ಕ್ಯಾಮೆರಾ ನೋಡಿಕೊಂಡೇ ಮಾತನಾಡಿದ್ದಾರಲ್ಲ, ಅದೇ ಒಪ್ಪಿಗೆ. ಮಗನಿಗೆ ಇದರಲ್ಲಿ ಏನು ಅಧಿಕಾರ? ತೆಗೆಯಬೇಡಿ.

ಮದುವೆ ಆಲ್ಬಂ: ನಮ್ಮ ಫೋಟೊಗ್ರಾಫರ್ ಆಲ್ಬಂನ ಮೂಲ ಫೈಲ್‌ಗಳನ್ನು ಕೊಡುತ್ತಿಲ್ಲ. ಅವು ನಮ್ಮ ಸ್ವತ್ತಲ್ಲವೇ?

ಎಡಿಟಿಂಗ್ ಮೇಜು: ಅದು ಬೇರೆಯೇ ಜಗಳ, ಆಲ್ಬಂ ಅವರೇ.

ಹಳೇಪೇಟೆಯವರು ಹೇಳಿದ್ದು ಅರ್ಧ ಸರಿ. ಒಪ್ಪಿಗೆ ಅಜ್ಜಿಯದು, ಹಿಂಪಡೆಯಬೇಕಾದವರೂ ಅವರೇ. ಆದರೆ ಕ್ಯಾಮೆರಾ ಮುಂದೆ ಮಾತನಾಡಲು ಒಪ್ಪುವುದು ಒಂದು, ಆ ಮುಖವನ್ನು ದುಡ್ಡು ಕೊಟ್ಟು ಜಾಹೀರಾತಾಗಿ ಓಡಿಸಲು ಒಪ್ಪುವುದು ಇನ್ನೊಂದು. ‘ಅಂಗಡಿಗೊಂದು ವಿಡಿಯೊ’ ಎಂದಷ್ಟೇ ಹೇಳಿದ್ದರೆ ಎರಡನೆಯದಕ್ಕೆ ಅವರು ಒಪ್ಪಿದ್ದಾರೆಂದು ನೀವು ತೋರಿಸಲಾರಿರಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಕೇಳುವುದೂ ಇದನ್ನೇ: ಯಾವ ಉದ್ದೇಶಕ್ಕೆ ಎಂದು ತಿಳಿಸಿ ಪಡೆದ ಒಪ್ಪಿಗೆ, ಮತ್ತು ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂಪಡೆಯುವ ದಾರಿ. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ. ಒಪ್ಪಿಗೆಯ ಭಾಗ ಜಾರಿಗೆ ಬರಲು ಹದಿನೆಂಟು ತಿಂಗಳ ಅವಕಾಶವಿದೆ ಎಂದು ಸುಮ್ಮನಿರಬೇಡಿ, ನಿಮ್ಮ ವಿಡಿಯೊ ಆಗಲೂ ಅಲ್ಲೇ ಇರುತ್ತದೆ.

ಇನ್ನೊಂದು ಮಾತು ನನಗೆ ಹೆಚ್ಚು ಹೆದರಿಕೆ ಹುಟ್ಟಿಸುತ್ತದೆ. ಸಕ್ಕರೆ ಕಾಯಿಲೆ ಇಳಿಯಿತು ಎಂಬ ವಾಕ್ಯವನ್ನು ಅಜ್ಜಿ ಮನಸಾರೆ ಒಪ್ಪಿದರೂ ನೀವು ಬಳಸುವಂತಿಲ್ಲ. ಮಧುಮೇಹ ಗುಣಪಡಿಸುತ್ತೇವೆ ಎಂಬ ಜಾಹೀರಾತುಗಳನ್ನು ತಡೆಯಲೆಂದೇ 1954ರ ಕಾಯ್ದೆಯೊಂದಿದೆ. ಹೇಳಿದ್ದು ಗಿರಾಕಿ, ನಾವಲ್ಲ ಎಂದು ನುಣುಚಿಕೊಳ್ಳಲಾಗದು.

ಸೀರೆ ಉಟ್ಟವಳು: ನನ್ನ ಕಥೆ ಕೇಳಿ. ಒಂದು ಬಟ್ಟೆ ಅಂಗಡಿಯವರು ‘ಅಕ್ಕಾ, ಒಂದು ರೀಲ್ಸ್’ ಎಂದರು. ಸಂಕೋಚಪಟ್ಟುಕೊಂಡೇ ಒಪ್ಪಿದೆ. ಮೂರು ತಿಂಗಳ ನಂತರ ಬಸ್ ನಿಲ್ದಾಣದ ಎದುರಿನ ಫ್ಲೆಕ್ಸ್‌ನಲ್ಲಿ ನನ್ನ ಮುಖ, ಪಕ್ಕದಲ್ಲಿ ಶೇಕಡ 40 ರಿಯಾಯಿತಿ! ಕೇಳಿದರೆ, ‘ನೀವೇ ಒಪ್ಪಿದ್ದಿರಲ್ಲ’ ಎಂದರು. ಆ ಮಗ ಯಾಕೆ ಸಿಟ್ಟಾಗಿದ್ದಾರೆಂದು ಮೊದಲು ಕೇಳಿದಿರಾ?

ಗಾಣದ ಅಂಗಡಿ: ಕೇಳಿದೆ ಮೇಡಂ. ಅಮ್ಮನಿಗೆ ಸಕ್ಕರೆ ಕಾಯಿಲೆ ಇದೆಯೆಂದು ನೆಂಟರಿಗೆಲ್ಲ ಗೊತ್ತಾಯಿತಂತೆ. ಅದು ನನಗೆ ಹೊಳೆದೇ ಇರಲಿಲ್ಲ.

ಎಡಿಟಿಂಗ್ ಮೇಜು: ಹಾಗಾದರೆ ಅಜ್ಜಿಯ ಮನೆಗೇ ಹೋಗಿ ಬನ್ನಿ, ಫೋನಿನಲ್ಲಿ ಬೇಡ. ಅವರು ಏನೇ ಹೇಳಲಿ, ಆ ವಾಕ್ಯ ಮಾತ್ರ ಇಂದೇ ಹೋಗಬೇಕು. ಯೂಟ್ಯೂಬ್ ಸ್ಟುಡಿಯೊದ ಎಡಿಟರ್‌ನಲ್ಲಿ ಆ ತುಂಡನ್ನು ಕತ್ತರಿಸಬಹುದು, ಕೊಂಡಿ ಬದಲಾಗದು. ಇನ್‌ಸ್ಟಾಗ್ರಾಂನಲ್ಲಿ ಅಳಿಸಿ ಹೊಸದಾಗಿ ಹಾಕಬೇಕು. ವಾಟ್ಸ್‌ಆ್ಯಪ್‌ನಲ್ಲಿ ಹಂಚಿಹೋದದ್ದಕ್ಕೆ ಮದ್ದಿಲ್ಲ. ಒಪ್ಪಿಗೆ ಪಡೆಯುವಾಗಲೇ ಇದನ್ನೂ ಹೇಳಿಬಿಡುವುದು ಪ್ರಾಮಾಣಿಕತೆ.

ಮುಂದಿನ ಬಾರಿಗೆ ಕನ್ನಡದಲ್ಲಿ ಒಂದೇ ಪುಟ ಸಾಕು. ಯೂಟ್ಯೂಬ್, ದುಡ್ಡು ಕೊಟ್ಟು ಹಾಕುವ ಜಾಹೀರಾತು, ಫ್ಲೆಕ್ಸ್, ಬೇರೆ ಮಾರಾಟಗಾರರಿಗೆ ಕೊಡುವುದು, ಹೀಗೆ ಒಂದೊಂದಕ್ಕೂ ಬೇರೆ ಬೇರೆ ಹೌದು ಅಥವಾ ಬೇಡ. ಎಷ್ಟು ದಿನ ಎಂದೂ ಬರೆಯಿರಿ, ನಾನು ಎರಡು ವರ್ಷ ಹಾಕುತ್ತೇನೆ. ಓದಲು ಬಾರದವರಿಗೆ ಓದಿ ಹೇಳಿ, ಅವರ ಉತ್ತರವನ್ನು ಕ್ಯಾಮೆರಾದಲ್ಲೇ ದಾಖಲಿಸಿ. ಎಣ್ಣೆ ಪುಕ್ಕಟೆ ಕೊಟ್ಟಿದ್ದರೆ ವಿಡಿಯೊದಲ್ಲೇ ತಿಳಿಸಿ. ಒಬ್ಬೊಬ್ಬರ ಮಾತನ್ನೂ ಒಂದೊಂದು ತುಂಡಾಗಿ ಜೋಡಿಸಿ, ನಡುವೆ ಸಂಗೀತ ನಿಲ್ಲುವಂತೆ ಎಡಿಟ್ ಮಾಡಿಸಿ. ನಾಳೆ ಒಬ್ಬರನ್ನು ತೆಗೆದರೆ ಹಾಡು ಎಗರಿದಂತೆ ಕೇಳಿಸಬಾರದು.

ಹಳೇಪೇಟೆ: ಇಷ್ಟೆಲ್ಲ ಕಾಗದ ತೋರಿಸಿದರೆ ಯಾವ ಗಿರಾಕಿ ನಿಲ್ಲುತ್ತಾನೆ? ಹತ್ತು ಜನರಲ್ಲಿ ಇಬ್ಬರೂ ಮಾತನಾಡುವುದಿಲ್ಲ.

ಸೀರೆ ಉಟ್ಟವಳು: ಆ ಇಬ್ಬರನ್ನೇ ತೋರಿಸಿ.

ಗಾಣದ ಅಂಗಡಿ: ನಿನ್ನೆ ಹೋಗಿ ಬಂದೆ. ‘ಸಕ್ಕರೆಯ ಮಾತು ಬೇಡ, ಮುಖ ಇರಲಿ, ಚೆನ್ನಾಗಿ ಬಂದಿದೆ’ ಎಂದರು ಅಜ್ಜಿ. ಮಗ ಬಾಗಿಲಲ್ಲೇ ನಿಂತಿದ್ದರು, ಒಂದು ಮಾತೂ ಆಡಲಿಲ್ಲ. ಹನ್ನೊಂದು ಸೆಕೆಂಡು ಕತ್ತರಿಸಿದ್ದೇನೆ. ಆದರೆ ಹಿಂದೆ ಸಾಲಿನಲ್ಲಿ ನಿಂತಿದ್ದ ಇಬ್ಬರ ಮುಖವೂ ಕಾಣುತ್ತದೆ, ಅವರು ಯಾರೆಂದೇ ನನಗೆ ಗೊತ್ತಿಲ್ಲ. ಅವರನ್ನು ಮಸುಕುಗೊಳಿಸಲೇ?

ಎಡಿಟಿಂಗ್ ಮೇಜು: ಅದೇ ಎಡಿಟರ್‌ನಲ್ಲಿ ಮಸುಕುಗೊಳಿಸುವ ಸೌಲಭ್ಯವೂ ಇದೆ. ಮಾಡಿಬಿಡಿ.