ನಾಲ್ಕು ಊರಿನ ಕನ್ನಡದಲ್ಲಿ ಒಂದು ಎಣ್ಣೆ ಜಾಹೀರಾತು: ಯಾರ ಮಾತು ಆರಿಸಬೇಕು?

ಪ್ರಶ್ನೆ (ಬೆಂಗಳೂರು, ಹೊಸ ಕಾಪಿರೈಟರ್):
ಗಾಣದ ಕಡಲೆಕಾಯಿ ಎಣ್ಣೆಗೆ 30 ಸೆಕೆಂಡಿನ ರೇಡಿಯೋ ಜಾಹೀರಾತು ಬರೆದಿದ್ದೇನೆ. ಅಡುಗೆಮನೆಯಲ್ಲಿ ಅತ್ತೆ ಸೊಸೆ ಮಾತಾಡುತ್ತಾರೆ. ಮೈಸೂರು, ಹುಬ್ಬಳ್ಳಿ, ಕಲಬುರಗಿ, ಮಂಗಳೂರು ನಾಲ್ಕೂ ಕಡೆ ಪ್ರಸಾರ ಆಗಬೇಕು. ಗ್ರಾಹಕರು "ಆಯಾ ಊರಿನ ಭಾಷೆಯಲ್ಲೇ ಮಾಡಿ" ಅಂದಿದ್ದಾರೆ. ಇದೇ ಸ್ಕ್ರಿಪ್ಟನ್ನು ಆಯಾ ಕಡೆಯ ಕನ್ನಡಕ್ಕೆ ತಿರುಗಿಸಿದರೆ ಸಾಕಾ? ಸ್ಕ್ರಿಪ್ಟ್ ಹೀಗಿದೆ:

ಅತ್ತೆ: ಏನಮ್ಮಾ, ಇವತ್ತು ಬಜ್ಜಿ ಇಷ್ಟೊಂದು ಘಮಘಮ ಅಂತಿದೆ?
ಸೊಸೆ: ಎಣ್ಣೆ ಬದಲಾಯಿಸಿದೀನಿ ಅತ್ತೆ. ಗಾಣದ ಕಡಲೆಕಾಯಿ ಎಣ್ಣೆ.
ಅತ್ತೆ: ಹೌದಾ? ಹಾಗಾದ್ರೆ ಇನ್ನೆರಡು ಹಾಕು!

ಉತ್ತರ (ಹುಬ್ಬಳ್ಳಿ, ಡಬ್ಬಿಂಗ್ ಮತ್ತು ಜಾಹೀರಾತು ಬರವಣಿಗೆ):
ಮೈಸೂರಿಗೆ ಹಾಗೇ ಬಿಡಿ. ಹುಬ್ಬಳ್ಳಿ, ಕಲಬುರಗಿಗೆ ತಿರುಗಿಸಿ. ಮಂಗಳೂರಿಗೆ ಮಾತ್ರ ತಿರುಗಿಸಬೇಡಿ, ದೃಶ್ಯವನ್ನೇ ಬದಲಾಯಿಸಿ. ಯಾಕೆ ಅಂತ ಕೊನೆಗೆ ಹೇಳುತ್ತೇನೆ.

ಮೊದಲು ಹೆಸರುಗಳನ್ನು ಸರಿ ಮಾಡಿಕೊಳ್ಳಿ. ನಿಮ್ಮ ಕಡಲೆಕಾಯಿ ನಮ್ಮ ಕಡೆ ಶೇಂಗಾ, ಮಂಗಳೂರಿನಲ್ಲಿ ನೆಲಕಡಲೆ. ನಿಮ್ಮ ಬಜ್ಜಿ ನಮಗೆ ಭಜಿ, ಕರಾವಳಿಯಲ್ಲಿ ಪೋಡಿ. ಈರುಳ್ಳಿ ಬಂದರೆ ಇಲ್ಲಿ ಉಳ್ಳಾಗಡ್ಡಿ, ಅಲ್ಲಿ ನೀರುಳ್ಳಿ. ಕ್ರಿಯಾಪದ ಎಷ್ಟೇ ಚೆನ್ನಾಗಿದ್ದರೂ ಹುಬ್ಬಳ್ಳಿಯ ಅಡುಗೆಮನೆಯಲ್ಲಿ "ಕಡಲೆಕಾಯಿ ಎಣ್ಣಿ" ಅಂದರೆ ಕೆಲಸ ಕೆಟ್ಟಿತು. ಕೇಳುವವರು ಆ ಒಂದು ಪದಕ್ಕೇ "ಇದು ಬೆಂಗಳೂರಿನವರು ಬರೆದದ್ದು" ಅಂತ ಹಿಡಿದುಬಿಡುತ್ತಾರೆ.

ಹುಬ್ಬಳ್ಳಿಗೆ ನಾನಾದರೆ ಹೀಗೆ ಬರೆಯುತ್ತೇನೆ:

ಅತ್ತಿ: ಏನವಾ, ಇವತ್ತ ಭಜಿ ಇಷ್ಟ ಘಮ್ ಅನ್ನಾಕತ್ತಾವಲ್ಲ?
ಸೊಸಿ: ಎಣ್ಣಿ ಬದಲ್ ಮಾಡೀನ್ರಿ ಅತ್ತಿ. ಗಾಣದ ಶೇಂಗಾ ಎಣ್ಣಿ ಐತಿ.
ಅತ್ತಿ: ಹೌದನವಾ? ಹಂಗಾರ ಇನ್ನೆರಡ ಹಾಕ!

ಸೊಸೆ "ಮಾಡೀನ್ರಿ" ಅನ್ನುತ್ತಾಳೆ, ಅತ್ತೆ "ಹಾಕ್ರಿ" ಅನ್ನುವುದಿಲ್ಲ. ಆ "ರೀ" ಸಣ್ಣವರಿಂದ ದೊಡ್ಡವರಿಗೆ ಹೋಗುವ ಮರ್ಯಾದೆ. ಎಲ್ಲ ಸಾಲಿಗೂ ಸುಮ್ನೆ ಅಂಟಿಸಿದರೆ ಆ ಮನೆಯಲ್ಲಿ ಯಾರು ಹಿರಿಯರು ಅಂತಲೇ ತಿಳಿಯುವುದಿಲ್ಲ.

ತುಮಕೂರಿನ ಒಬ್ಬರು, ಯೂಟ್ಯೂಬ್ ವಿಡಿಯೋ ಮಾಡುವವರು:
ಇಷ್ಟು ಕಷ್ಟ ಯಾಕೆ? ಉತ್ತರ ಕರ್ನಾಟಕಕ್ಕೆ "ಇದೆ" ತೆಗೆದು "ಐತಿ" ಹಾಕಿ, ಜೊತೆಗೆ "ರೀ". ಕರಾವಳಿಗೆ "ಉಂಟು", "ಮಾರಾಯ್ರೆ". ನಾನು ಹೀಗೇ ಮಾಡ್ತೀನಿ, ಜನ ಗುರುತು ಹಿಡೀತಾರೆ.

ಉತ್ತರ (ಹುಬ್ಬಳ್ಳಿ):
ಗುರುತು ಹಿಡಿಯುತ್ತಾರೆ, ನಿಜ. ಆದರೆ ಯಾರು ಹಿಡಿಯುತ್ತಾರೆ ನೋಡಿ. ಬೆಂಗಳೂರಿನವರು "ಓ, ಉತ್ತರ ಕರ್ನಾಟಕ" ಅನ್ನುತ್ತಾರೆ. ಆ ಊರಿನವರು "ಇದು ನಮ್ಮದಲ್ಲ" ಅನ್ನುತ್ತಾರೆ. ಎಣ್ಣೆ ಮಾರಬೇಕಾದದ್ದು ಎರಡನೆಯವರಿಗೆ, ಅಲ್ವಾ?

"ಐತಿ" ವಿಷಯದಲ್ಲಿ ನಾನೇ ಪೆಟ್ಟು ತಿಂದಿದ್ದೇನೆ. ಹಿಂದೆ ಒಂದು ದನದ ಹಿಂಡಿ ಕಂಪನಿಗೆ ಕಲಬುರಗಿಯ ಜಾಹೀರಾತು ಮಾಡಿದೆ. ಕಲಾವಿದರು ಹುಬ್ಬಳ್ಳಿಯವರು, ಧ್ವನಿ ಚೆನ್ನಾಗಿತ್ತು. ಅಲ್ಲಿನ ಡೀಲರ್ ಕೇಳಿ ಫೋನ್ ಮಾಡಿದರು: "ಇದು ಹುಬ್ಬಳ್ಳಿ ಕಡಿ ಮಾತ್ರಿ, ನಮ್ ಕಡಿದಲ್ಲ." ಸ್ಕ್ರಿಪ್ಟ್ ತೆಗೆದು ನೋಡಿದರೆ ಮೂರು ಸಾಲಿನಲ್ಲಿ "ಐತಿ" ಇತ್ತು. ಕಲಬುರಗಿಯ ಕಡೆ ಸಾಮಾನ್ಯವಾಗಿ "ಅದ". ನಾವು "ಮಾಡಾಕತ್ತೀನಿ" ಅನ್ನುವಲ್ಲಿ ಅವರು "ಮಾಡ್ಲಕತ್ತೀನಿ" ಅನ್ನುತ್ತಾರೆ. ಹುಬ್ಬಳ್ಳಿಗೆ ಮುಂಬೈ ಪ್ರಾಂತ್ಯದ ಆಡಳಿತ ಇತ್ತು, ಕಲಬುರಗಿಗೆ ನಿಜಾಮರ ಹೈದರಾಬಾದ್. 1956ರ ತನಕ ಎರಡೂ ಬೇರೆ ಬೇರೆ ರಾಜ್ಯದಲ್ಲಿದ್ದವು. ಹಾಗಾಗಿ ಇಲ್ಲಿ ಮರಾಠಿ ಪದ ಜಾಸ್ತಿ, ಅಲ್ಲಿ ಉರ್ದು ಪದ ಜಾಸ್ತಿ. "ಉತ್ತರ ಕರ್ನಾಟಕ" ಅಂತ ಒಂದೇ ಫೈಲ್ ಮಾಡಿದರೆ ಎರಡೂ ಊರು ಕೈ ತಪ್ಪುತ್ತವೆ. ಆ ಮೂರು ಸಾಲು ಕಲಬುರಗಿಯ ಕಲಾವಿದರಿಂದ ಮತ್ತೆ ಹೇಳಿಸಿದೆವು.

ಇಲ್ಲೂ ಒಂದು ತೊಡಕಿದೆ. ಧಾರವಾಡದ ಎಷ್ಟೋ ಮನೆಗಳಲ್ಲಿ "ಐತಿ" ಇಲ್ಲ, "ಅದ" ಇದೆ. ಮನೆತನ, ಜಾತಿ, ಹಳ್ಳಿ, ಪೇಟೆ ಎಲ್ಲಾ ಸೇರಿ ಅದು ತೀರ್ಮಾನ ಆಗುತ್ತದೆ. ಅದಕ್ಕೇ ನಾನು ಮೊದಲು ಪಾತ್ರ ಯಾರು ಅಂತ ಕೇಳುವುದು. ಆರಿಸಿದ ಮೇಲೆ ಒಬ್ಬರ ಬಾಯಲ್ಲಿ ಎರಡೂ ಬರಬಾರದು. ಒಂದು ಸಾಲಿಗೆ "ಐತಿ", ಮುಂದಿನ ಸಾಲಿಗೆ "ಅದ" ಅಂದರೆ ಬರೆದವರು ಹೊರಗಿನವರು ಅಂತ ತಿಳಿಯಲು ಬೇರೆ ಸಾಕ್ಷಿ ಬೇಡ.

ಬಾಗಲಕೋಟೆಯ ಒಬ್ಬ ತಾಯಿ:
ಸರ್, ನನ್ನ ಮಗಳು ಬೆಂಗಳೂರಿನ ಆಫೀಸಿನಲ್ಲಿ ನಮ್ಮ ಭಾಷೆ ಮಾತಾಡಿದರೆ ನಗುತ್ತಾರಂತೆ. ಅವಳು ಬೆಂಗಳೂರು ಭಾಷೆ ಕಲೀಬೇಕಾ?

ಉತ್ತರ (ಹುಬ್ಬಳ್ಳಿ):
ಅಕ್ಕಾರ, ಇಲ್ಲಿ ಮಾತು ಜಾಹೀರಾತಿನದು. ಆದರೂ ಹೇಳುತ್ತೇನೆ, ಬದಲಾಯಿಸುವುದು ಬೇಡ. ಆ ನಗು ಎಲ್ಲಿಂದ ಬಂತು ಅನ್ನುವುದು ನಮಗೂ ಸಂಬಂಧಪಟ್ಟದ್ದೇ. ತೆರೆಯ ಮೇಲೆ ನಮ್ಮ ಮಾತನ್ನು ತುಂಬಾ ದಿನ ನಗಿಸುವ ಪಾತ್ರಕ್ಕೇ ಕೊಟ್ಟರು. ಮಂಗಳೂರಿನ ಮಾತಿಗೂ ಅದೇ ಗತಿ ಆಯಿತು. ಆದ್ದರಿಂದ ಸ್ಕ್ರಿಪ್ಟ್ ಬರೆಯುವಾಗ ಒಂದು ನಿಯಮ ಇಟ್ಟುಕೊಂಡಿದ್ದೇನೆ: ಊರಿನ ಮಾತು ದಡ್ಡನ ಬಾಯಲ್ಲಿ, ಗ್ರಂಥಸ್ಥ ಕನ್ನಡ ಜಾಣನ ಬಾಯಲ್ಲಿ ಇರಬಾರದು. ಎಣ್ಣೆ ಗೊತ್ತಿರುವ ಸೊಸೆಯೇ ಊರಿನ ಮಾತಾಡಲಿ.

ಕುಂದಾಪುರದ ಒಬ್ಬ ಟೀಚರ್:
ಕರಾವಳಿ ಅಂದರೆ ಎಲ್ಲರೂ ಮಂಗಳೂರು ಅಂದುಕೊಳ್ಳುತ್ತಾರೆ. ನಮ್ಮಲ್ಲಿ "ಉಂಟು" ಅಲ್ಲ, "ಇತ್ತ್". "ಅಂಗಡ್ಯಗೆ ಎಣ್ಣಿ ಇತ್ತ್" ಅಂದರೆ ಈಗ ಇದೆ ಅಂತ ಅರ್ಥ. ನಮ್ಮೂರ ಮೇಳಕ್ಕೆ ಒಮ್ಮೆ ನಾನೇ ಹೀಗೆ "ಇತ್ತ್" ಅಂತ ಅನೌನ್ಸ್ ಮಾಡಿದ್ದೆ. ಮೈಸೂರಿಂದ ಬಂದ ನೆಂಟರು "ಹಾಗಾದರೆ ಈಗ ಇಲ್ವಾ?" ಅಂತ ಕೇಳಿದರು!

ಉತ್ತರ (ಹುಬ್ಬಳ್ಳಿ):
ಟೀಚರ್ ಹೇಳಿದ್ದು ತುಂಬಾ ಮುಖ್ಯ. ಮಂಗಳೂರಿಗೆ ದೃಶ್ಯ ಬದಲಾಯಿಸಿ ಅಂದ ಕಾರಣವೂ ಇದರ ಪಕ್ಕದಲ್ಲೇ ಇದೆ.

ಕುಂದಾಪುರದ ಮನೆಯೊಳಗೆ ಅತ್ತೆ ಸೊಸೆ ಮಾತಾಡುವುದು ಕನ್ನಡವೇ, ಅವರದೇ ಕನ್ನಡ. ಮಂಗಳೂರಿನಲ್ಲಿ ಬಹಳಷ್ಟು ಮನೆಗಳ ಮಾತು ತುಳು, ಕೊಂಕಣಿ ಅಥವಾ ಬ್ಯಾರಿ. ಆ ಅಡುಗೆಮನೆಯಲ್ಲಿ ಅತ್ತೆ ಸೊಸೆ ಕನ್ನಡ ಮಾತಾಡಿದರೆ "ಉಂಟು" ಎಷ್ಟು ಹಾಕಿದರೂ ಸುಳ್ಳು ಅನ್ನಿಸುತ್ತದೆ. ಅಲ್ಲಿ ಕನ್ನಡ ಜಾಸ್ತಿ ಕೇಳುವುದು ಶಾಲೆ, ಬಸ್ಸು, ಆಫೀಸು, ಅಂಗಡಿಯಲ್ಲಿ. ಮನೆಮಾತು ಬೇರೆ ಬೇರೆ ಇರುವ ಇಬ್ಬರು ಎದುರಾದ ಕಡೆ. ಶಾಲೆಯಲ್ಲಿ ಕಲಿತ ಕನ್ನಡವಾದ್ದರಿಂದ ಪದಗಳನ್ನು ಪೂರ್ತಿ ಉಚ್ಚರಿಸುತ್ತಾರೆ, ನಾವು ನುಂಗುವ ಸ್ವರಗಳನ್ನು ಅವರು ನುಂಗುವುದಿಲ್ಲ. ಆದ್ದರಿಂದ ದೃಶ್ಯವನ್ನು ಅಂಗಡಿಗೆ ತನ್ನಿ:

ಗಿರಾಕಿ: ಅಣ್ಣ, ನೆಲಕಡಲೆ ಎಣ್ಣೆ ಉಂಟಾ?
ಅಂಗಡಿಯವರು: ಉಂಟು ಅಕ್ಕ. ಗಾಣದ್ದು ಬೇಕಾ, ಮಾಮೂಲಿ ಸಾಕಾ?
ಗಿರಾಕಿ: ಗಾಣದ್ದರಲ್ಲಿ ಎಂತ ವಿಶೇಷ?
ಅಂಗಡಿಯವರು: ಒಮ್ಮೆ ಪೋಡಿ ಕಾಯಿಸಿ ನೋಡಿ. ಪರಿಮಳದಲ್ಲೇ ಗೊತ್ತಾಗ್ತದೆ.

ಇಲ್ಲಿ "ಮಾರಾಯ್ರೆ" ಒಂದೂ ಇಲ್ಲ. ಗುರುತು ಇರುವುದು "ಗೊತ್ತಾಗ್ತದೆ" ಅನ್ನುವ ಕೊನೆಯಲ್ಲಿ, "ಪರಿಮಳ"ದಲ್ಲಿ, "ಕಾಯಿಸಿ" ಅನ್ನುವುದರಲ್ಲಿ. ಮೈಸೂರಿನವರು ಹಾಲು ಕಾಯಿಸುತ್ತಾರೆ, ಬಜ್ಜಿ ಕರಿಯುತ್ತಾರೆ. ಕರಾವಳಿಯಲ್ಲಿ ಪೋಡಿ, ಮೀನು ಎಲ್ಲಾ ಕಾಯಿಸುವುದೇ.

ಇನ್ನೊಂದು ವಿಷಯ. ಅಲ್ಲಿ ಅಡುಗೆಗೆ ತೆಂಗಿನೆಣ್ಣೆ ರೂಢಿ. ಅದಕ್ಕೇ "ಎಣ್ಣೆ ಬದಲಾಯಿಸಿದ್ದು" ಅನ್ನುವ ಮಾತನ್ನು ಮಂಗಳೂರಿನ ಸ್ಕ್ರಿಪ್ಟಿನಿಂದ ತೆಗೆದೆ. ಕೇಳುವವರಿಗೆ ಅದು "ತೆಂಗಿನೆಣ್ಣೆ ಬಿಡಿ" ಅಂದ ಹಾಗೆ ಕೇಳಿಸುತ್ತದೆ.

ದಾವಣಗೆರೆ, ಬೇಕರಿ ಇಟ್ಟವರು:
ನಮ್ಮ ಗತಿ ಏನು? ನನ್ನ ಬೇಕರಿ ಜಾಹೀರಾತನ್ನು ಒಬ್ಬರು ಪೂರ್ತಿ ಧಾರವಾಡದ ಮಾತಲ್ಲಿ ಮಾಡಿಕೊಟ್ಟರು. ಗಿರಾಕಿಗಳು "ನೀವು ಆ ಕಡೆಯವರಾ?" ಅಂತ ಕೇಳಿದರು. ಮೈಸೂರಿನ ಮಾತಲ್ಲಿ ಮಾಡಿಸಿದರೆ ಅದೂ ನಮ್ಮದಲ್ಲ.

ಉತ್ತರ (ಹುಬ್ಬಳ್ಳಿ):
ದಾವಣಗೆರೆ, ಚಿತ್ರದುರ್ಗ, ಬಳ್ಳಾರಿ ನನಗೂ ಪೂರ್ತಿ ಬಗೆಹರಿದಿಲ್ಲ. ಎರಡೂ ಕಡೆಯ ಮಾತು ಅಲ್ಲಿ ಬೆರೆಯುತ್ತದೆ. ನಾನು ಅಲ್ಲಿಗೆ ಕ್ರಿಯಾಪದವನ್ನು ಸಾದಾ ಕನ್ನಡದಲ್ಲಿಟ್ಟು, ತಿಂಡಿಯ ಹೆಸರುಗಳನ್ನು ಮಾತ್ರ ಊರಿನದು ಹಾಕುತ್ತೇನೆ. ಮಂಡಕ್ಕಿ, ಮಿರ್ಚಿ ಅಂದರೆ ಸಾಕು, ಊರು ಕಣ್ಮುಂದೆ ಬರುತ್ತದೆ. ಒಂದು ಎಚ್ಚರಿಕೆ: ಬಳ್ಳಾರಿ, ಕೊಪ್ಪಳದ ಕಡೆ "ಒಗ್ಗರಣಿ" ಅಂದರೆ ಮಂಡಕ್ಕಿಯ ತಿಂಡಿಯೂ ಹೌದು. "ಒಗ್ಗರಣೆಗೆ ಒಳ್ಳೆ ಎಣ್ಣೆ" ಅಂತ ಬರೆದರೆ ಅರ್ಥ ಬೇರೆ ಕಡೆ ಹೋಗಬಹುದು.

ಹಳೆ ಮೈಸೂರಿನ ಹಳ್ಳಿ ಮಾತಿನ ಬಗ್ಗೆಯೂ ಒಂದು ಮಾತು. ಮಂಡ್ಯದ "ಕಣ್ಲಾ", "ಓಯ್ತೀನಿ" ಎಲ್ಲವನ್ನೂ ಹೊರಗಿನವರು ಕಾಗದದ ಮೇಲೆ ಬರೆದರೆ ಅಣಕಿಸಿದ ಹಾಗಾಗುತ್ತದೆ. ಅಲ್ಲಿನ ಕಲಾವಿದರು ತಾವಾಗಿಯೇ ಹೇಳಿದರೆ ಇಟ್ಟುಕೊಳ್ಳಿ, ನೀವು ಬರೆದುಕೊಡಬೇಡಿ.

ಪ್ರಶ್ನೆ ಕೇಳಿದವರು:
ಸರಿ ಬಂದಿದೆಯಾ ಅಂತ ರೆಕಾರ್ಡಿಂಗಿಗೆ ಮೊದಲು ತಿಳಿಯುವುದು ಹೇಗೆ? ಸ್ಟುಡಿಯೋ ಒಂದೇ ದಿನ ಸಿಗುತ್ತದೆ.

ಉತ್ತರ (ಹುಬ್ಬಳ್ಳಿ):
ಕಲಾವಿದರಿಗೆ ಮೊದಲು ಸ್ಕ್ರಿಪ್ಟ್ ಕೊಡಬೇಡಿ. ಸಂದರ್ಭ ಹೇಳಿ: "ನೀವು ಎಣ್ಣೆ ಕೊಳ್ಳಲು ಹೋಗಿದ್ದೀರಿ, ಗಾಣದ್ದು ಇದೆಯಾ ಅಂತ ಕೇಳಿ." ಅವರು ಫೋನಿನಲ್ಲಿ ಹೇಳಿ ಕಳಿಸಿದ್ದನ್ನು ಬರೆದುಕೊಂಡು ಅದನ್ನೇ ಸ್ಕ್ರಿಪ್ಟ್ ಮಾಡಿ. ಆಮೇಲೆ ಆ ಆಡಿಯೋವನ್ನು ಅದೇ ಊರಿನ ಮೂರು ಜನರಿಗೆ ಕೇಳಿಸಿ. ಜಾಹೀರಾತು ಅಂತ ಹೇಳಬೇಡಿ. "ಇವರು ಯಾವ ಊರಿನವರು?" ಅಂತ ಮಾತ್ರ ಕೇಳಿ. ಊರಿನ ಹೆಸರು ತಟ್ಟನೆ ಬಂದರೆ ಆಯಿತು. "ಧಾರಾವಾಹಿಯವರ ಹಾಗೆ ಮಾತಾಡ್ತಾರೆ" ಅಂದರೆ ಮತ್ತೆ ಬರೆಯಬೇಕು.

ಸಮಯ ಅಳೆದುಕೊಳ್ಳಿ. "ಅನ್ನಾಕತ್ತಾವಲ್ಲ" ಅನ್ನುವುದು "ಅಂತಿದೆ"ಗಿಂತ ಉದ್ದ. ಬೆಂಗಳೂರಿನಲ್ಲಿ 30 ಸೆಕೆಂಡಿಗೆ ಕೂತದ್ದು ಹುಬ್ಬಳ್ಳಿಯಲ್ಲಿ ಎರಡು ಮೂರು ಸೆಕೆಂಡ್ ಮೀರುತ್ತದೆ. ಆಗ ಕಲಾವಿದರನ್ನು ಓಡಿಸಬೇಡಿ, ಒಂದು ಸಾಲು ಕಡಿಮೆ ಮಾಡಿ. ಕೊನೆಯ ಏಳೆಂಟು ಸೆಕೆಂಡು, ಅಂದರೆ ಎಣ್ಣೆಯ ಹೆಸರು, ಸಿಗುವ ಜಾಗ, ಫೋನ್ ನಂಬರ್, ಒಂದೇ ಧ್ವನಿಯಲ್ಲಿ ಸಾದಾ ಕನ್ನಡದಲ್ಲಿರಲಿ. ನಾಲ್ಕೂ ಕಡೆ ಅದನ್ನೇ ಬಳಸಬಹುದು, ಖರ್ಚೂ ಉಳಿಯುತ್ತದೆ.

ಪ್ರಶ್ನೆ ಕೇಳಿದವರು (ನಾಲ್ಕು ದಿನದ ನಂತರ):
ಅಂಗಡಿ ದೃಶ್ಯವನ್ನು ಮಂಗಳೂರು ಕಡೆಯ ಮೂವರಿಗೆ ಕೇಳಿಸಿದೆ. ಇಬ್ಬರು "ಮಂಗಳೂರು" ಅಂದರು, ಒಬ್ಬರು "ಪುತ್ತೂರಾ?" ಅಂದರು. ಆದರೆ ಮೂವರೂ ಒಂದೇ ಪದದ ಹತ್ತಿರ ನಿಂತರು. "ಮಾಮೂಲಿ" ಅಂತ ಅಂಗಡಿಯಲ್ಲಿ ಹೇಳುವುದಿಲ್ಲವಂತೆ, "ಪ್ಯಾಕೆಟಿನದ್ದು" ಅನ್ನುವುದಂತೆ.

ಉತ್ತರ (ಹುಬ್ಬಳ್ಳಿ):
ಅದು ನಾನು ಬರೆದ ಪದ, ನನ್ನ ತಪ್ಪು. "ಗಾಣದ್ದು ಬೇಕಾ, ಪ್ಯಾಕೆಟಿನದ್ದು ಸಾಕಾ?" ಅಂತ ಮಾಡಿ ರೆಕಾರ್ಡಿಂಗಿಗೆ ಹೋಗಿ. ಕಲಬುರಗಿಯ ಆಡಿಯೋ ಬಂದ ಮೇಲೆ ನನಗೂ ಕಳಿಸಿ, "ಅದ" ಎಲ್ಲೆಲ್ಲಿ ಬಂದಿದೆ ಅಂತ ಕೇಳಿ ಹೇಳುತ್ತೇನೆ.