ಅನುಭವವಿಲ್ಲದೆ ಕ್ಯಾಟಲಾಗ್ ಎಕ್ಸಿಕ್ಯೂಟಿವ್ ಕೆಲಸಕ್ಕೆ ಕವರ್ ಲೆಟರ್ ಬರೆಯೋದು ಹೇಗೆ?

ಪ್ರಶ್ನೆ (ಮಂಡ್ಯ, ಈ ವರ್ಷ ಬಿಕಾಂ ಮುಗಿಸಿದವರು):
ಮೈಸೂರು ಹೆಬ್ಬಾಳದಲ್ಲಿ ಆನ್‌ಲೈನ್‌ನಲ್ಲಿ ಕುರ್ತಿ ಮಾರುವವರು ಕ್ಯಾಟಲಾಗ್ ಎಕ್ಸಿಕ್ಯೂಟಿವ್ ಬೇಕು ಅಂತ ಹಾಕಿದ್ದಾರೆ. ಎಕ್ಸೆಲ್ ಬರಬೇಕು, ಲಿಸ್ಟಿಂಗ್ ಅನುಭವ ಇದ್ದರೆ ಆದ್ಯತೆ ಅಂತಿದೆ. ನನಗೆ ಅನುಭವ ಇಲ್ಲ. "ನಾನು ಶ್ರಮಜೀವಿ, ಬೇಗ ಕಲಿಯುತ್ತೇನೆ, ತಮ್ಮ ಪ್ರತಿಷ್ಠಿತ ಸಂಸ್ಥೆಯಲ್ಲಿ ಅವಕಾಶ ಕೊಡಿ" ಅಂತ ಬರೆದಿಟ್ಟಿದ್ದೇನೆ. ಇದು ಸಾಕಾ? ಇನ್ನೇನು ಸೇರಿಸಲಿ?

ಉತ್ತರ (ಎಚ್‌ಆರ್ ವಿಭಾಗ, ಮೈಸೂರು):
ಒಂದು ಪುಟ ತುಂಬಾ ಬರೆಯಿರಿ. ಎಕ್ಸೆಲ್, ವಿಲುಕಪ್, ಫೋಟೋಶಾಪ್, ಎಸ್‌ಇಒ ಎಲ್ಲ ಪದಗಳೂ ಇರಲಿ, ಸಾಫ್ಟ್‌ವೇರ್ ಅವನ್ನೇ ನೋಡಿ ಆರಿಸುತ್ತೆ.

ಉತ್ತರ (ಕ್ಯಾಟಲಾಗ್ ಟೀಮ್ ಲೀಡ್, ಮೈಸೂರು):
ಮೇಲಿನವರು ಹೇಳಿದ್ದರಲ್ಲಿ ವಿಲುಕಪ್ ಮಾತ್ರ ನಿಜಕ್ಕೂ ಬೇಕು. ಗೋಡೌನಿನ ಸ್ಟಾಕ್ ಶೀಟಿನಿಂದ ಲಿಸ್ಟಿಂಗ್ ಶೀಟಿಗೆ ಬೆಲೆ ತರೋದು ಅದರಲ್ಲೇ. ಉಳಿದ ಪದಗಳ ಪಟ್ಟಿ ದೊಡ್ಡ ಕಂಪನಿಗೆ ಸರಿ. ಕುರ್ತಿ ಮಾರುವ ಚಿಕ್ಕ ಸಂಸ್ಥೆಯಲ್ಲಿ ನಿಮ್ಮ ಪತ್ರ ಓದೋದು ಮಾಲೀಕರೋ ಇಲ್ಲ ನನ್ನಂಥ ಲೀಡೋ. ನಮಗಿರುವ ಭಯ ಒಂದೇ: ಈ ಹುಡುಗಿ ಶೀಟ್ ತುಂಬಿದರೆ ತಪ್ಪು ಕುರ್ತಿ ತಪ್ಪು ಸೈಜಿನಲ್ಲಿ ಹೋಗಿ ವಾಪಸ್ ಬರುತ್ತಾ? "ಶ್ರಮಜೀವಿ" ಅನ್ನೋದರಿಂದ ಆ ಭಯ ಹೋಗಲ್ಲ, ತುಂಬಿದ ಒಂದು ಶೀಟ್ ನೋಡಿದರೆ ಹೋಗುತ್ತೆ. ಅನುಭವದ ಜಾಗದಲ್ಲಿ ಅದನ್ನೇ ಇಡಿ.

ಮನೆಯಲ್ಲಿರೋ ಒಂದು ಕುರ್ತಿ ತೆಗೆದುಕೊಳ್ಳಿ. ಅದು 4 ಬಣ್ಣ, 5 ಸೈಜಿನಲ್ಲಿದೆ ಅಂತ ಇಟ್ಟುಕೊಳ್ಳಿ. ಎಷ್ಟು ಸಾಲು ಬರುತ್ತೆ? ಹೊಸಬರು 20 ಅಂತಾರೆ. ಪೇರೆಂಟ್-ಚೈಲ್ಡ್ ಮಾದರಿಯ ಶೀಟಿನಲ್ಲಿ 21 ಬೇಕು, ಎಲ್ಲ ಬಣ್ಣ-ಸೈಜನ್ನು ಒಂದೇ ಪುಟಕ್ಕೆ ಕಟ್ಟುವ ಪೇರೆಂಟ್ ಸಾಲು ಒಂದು ಹೆಚ್ಚು. ಪೇರೆಂಟ್ ಮಾರಾಟಕ್ಕಲ್ಲ, ಅದಕ್ಕೆ ಬೆಲೆಯೂ ಸ್ಟಾಕೂ ಹಾಕಬಾರದು. ಈ ಒಂದು ಸಾಲು ಸರಿಯಿದ್ದರೆ ನಿಮಗೆ ಕೆಲಸದ ಸ್ವರೂಪ ಗೊತ್ತು ಅಂತ ಓದುವವರಿಗೆ ತಿಳಿಯುತ್ತೆ. ಪ್ರತಿ ಸಾಲಿನ ವಸ್ತುವನ್ನು ಗುರುತಿಸುವ ಎಸ್‌ಕೆಯು ಕೋಡನ್ನು `KRT014-BLU-M` ಥರ ಒಂದೇ ಕ್ರಮದಲ್ಲಿ ಬರೆಯಿರಿ. ಒಂದೇ ಕೋಡ್ ಎರಡು ಸಾಲಿಗೆ ಬಿದ್ದರೆ ಅಪ್‌ಲೋಡ್‌ನಲ್ಲಿ ಹಿಂದಿನ ಸಾಲು ಮುಂದಿನದರಲ್ಲಿ ಮುಚ್ಚಿಹೋಗಬಹುದು. ಕೋಡ್‌ಗಳು A ಕಾಲಂನಲ್ಲಿದ್ದರೆ, ಪಕ್ಕದ ಖಾಲಿ ಕಾಲಂನ ಎರಡನೇ ಸಾಲಿನಲ್ಲಿ ಇದನ್ನು ಹಾಕಿ ಕೆಳಗೆ ಎಳೆದು ನೋಡಿ, TRUE ಬಂದ ಕಡೆ ಕೋಡ್ ಮರುಕಳಿಸಿದೆ:

```
=COUNTIF(A:A,A2)>1
```

ಹೆಚ್ಚು ಹೊತ್ತು ಕೊಡಬೇಕಾದ್ದು ಅಳತೆಗೆ. ಕುರ್ತಿಯನ್ನು ಹಾಸಿ, ಕಂಕುಳ ಕೆಳಗೆ ಅಡ್ಡ ಅಳೆದು ಎರಡರಿಂದ ಗುಣಿಸಿದರೆ ಬರೋದು ಬಟ್ಟೆಯ ಅಳತೆ. ಗಿರಾಕಿ ಟೇಪ್ ಹಿಡಿಯೋದು ಮೈಗೆ. ಚಾರ್ಟಿನಲ್ಲಿ ಎರಡರಲ್ಲಿ ಯಾವುದು ಅಂತ ಹೇಳದೆ ಬರೀ "M: 38" ಅಂತ ಬಿಟ್ಟರೆ, ಮೈ 38 ಇರುವವರು M ತರಿಸಿಕೊಂಡು, ಬಿಗಿಯಾಯಿತು ಅಂತ ವಾಪಸ್ ಮಾಡ್ತಾರೆ. ಆದ್ದರಿಂದ ಎರಡು ಕಾಲಂ ಮಾಡಿ. ನಿಮ್ಮ ಹತ್ತಿರ ಇರೋದು M ಒಂದೇ ಆದರೆ ಅದೊಂದನ್ನೇ ಅಳೆದದ್ದು ಅಂತ ಹೇಳಿ. ಉಳಿದದ್ದನ್ನು ಸೈಜಿಗೆ 2 ಇಂಚಿನಂತೆ ಏರಿಳಿಸಿ ಹಳದಿ ಬಣ್ಣ ತುಂಬಿ, ಊಹೆ ಅಂತ ಬರೆಯಿರಿ. ಊಹೆಯನ್ನು ಊಹೆ ಅನ್ನುವವರನ್ನೇ ನಾವು ಹುಡುಕೋದು.

ಬಾರ್‌ಕೋಡ್ ಕಾಲಂ ಇಟ್ಟರೆ, ನಂಬರ್ ಅಂಟಿಸುವ ಮೊದಲೇ ಆ ಕಾಲಂ ಅನ್ನು ಟೆಕ್ಸ್ಟ್ ಮಾಡಿ. ಇಲ್ಲದಿದ್ದರೆ 13 ಅಂಕಿಯ ನಂಬರ್ `8.90123E+12` ಅಂತ ಕಾಣುತ್ತೆ. ಹಾಗೇ ಸಿಎಸ್‌ವಿಯಲ್ಲಿ ಸೇವ್ ಮಾಡಿ ಮತ್ತೆ ತೆರೆದರೆ ಕೊನೆಯ ಏಳು ಅಂಕಿ ಸೊನ್ನೆಯಾಗಿರುತ್ತೆ, ಅದನ್ನು ಶೀಟಿನಿಂದ ಮರಳಿ ಪಡೆಯೋಕೆ ಆಗಲ್ಲ.

ಇನ್ನು ಪತ್ರ. ಕಳಿಸೋದು ಇಂಗ್ಲಿಷಿನಲ್ಲೇ ಇರಲಿ, ಹೂರಣ ಹೀಗಿರಲಿ:

> ವಿಷಯ: ಕ್ಯಾಟಲಾಗ್ ಎಕ್ಸಿಕ್ಯೂಟಿವ್ ಹುದ್ದೆ, ಮಾದರಿ ಶೀಟ್ ಸಹಿತ
>
> ಮಾನ್ಯರೇ,
> ಈ ವರ್ಷ ಬಿಕಾಂ ಮುಗಿಸಿದ್ದೇನೆ. ಲಿಸ್ಟಿಂಗ್ ಕೆಲಸ ಮಾಡಿದ ಅನುಭವ ಇಲ್ಲ. ಅದಕ್ಕಾಗಿ ಒಂದು ಕಾಟನ್ ಕುರ್ತಿಯನ್ನು 4 ಬಣ್ಣ, 5 ಸೈಜಿಗೆ ಹರಡಿ 21 ಸಾಲಿನ ಶೀಟ್ ಮಾಡಿದ್ದೇನೆ, ಕೊಂಡಿ ಕೆಳಗಿದೆ. M ಸೈಜನ್ನು ಟೇಪಿನಿಂದ ಅಳೆದಿದ್ದೇನೆ, ಹಳದಿ ಮನೆಗಳು ಊಹೆ. ಬಟ್ಟೆಯ ಅಳತೆ, ಮೈ ಅಳತೆ ಬೇರೆ ಬೇರೆ ಕಾಲಂನಲ್ಲಿವೆ. ಎಸ್‌ಕೆಯು ಮರುಕಳಿಸಿಲ್ಲ ಎಂದು ಸೂತ್ರ ಹಾಕಿ ನೋಡಿದ್ದೇನೆ. ಫೋಟೋ ಎಡಿಟಿಂಗ್ ಬರುವುದಿಲ್ಲ.
> ಮಂಡ್ಯದಿಂದ ರೈಲಿನಲ್ಲಿ ಬರುತ್ತೇನೆ. ಹಬ್ಬದ ಸೇಲ್ ದಿನಗಳಲ್ಲಿ ತಡವಾದರೆ ಮೈಸೂರಿನಲ್ಲಿ ಉಳಿಯಲು ವ್ಯವಸ್ಥೆ ಇದೆ. ಕೂಡಲೇ ಸೇರಬಲ್ಲೆ.

ಕೊನೆಯ ಪ್ಯಾರಾ ಬಿಡಬೇಡಿ, ಮಂಡ್ಯದ ವಿಳಾಸ ನೋಡಿದ ಕೂಡಲೇ ಬರುವ ಅನುಮಾನ ಅದೇ. ಉಳಿಯುವ ವ್ಯವಸ್ಥೆ ನಿಜವಾಗಿ ಇದ್ದರೆ ಮಾತ್ರ ಬರೆಯಿರಿ. ಬಿಕಾಂ ಆಗಿರೋದರಿಂದ ಇನ್ನೊಂದು ಸಾಲು ಸೇರಿಸಬಹುದು: 2025ರ ಸೆಪ್ಟೆಂಬರ್ 22ರಿಂದ ಒಂದು ಉಡುಪಿನ ಮಾರಾಟ ಬೆಲೆ ₹2,500ರವರೆಗಿದ್ದರೆ ಜಿಎಸ್‌ಟಿ 5%, ಮೇಲಾದರೆ 18%. ಮೊದಲು ಗಡಿ ₹1,000 ಇತ್ತು. ಹಳೇ ಟೆಂಪ್ಲೇಟ್ ನಕಲು ಮಾಡಿದರೆ ಹಳೇ ದರವೂ ಜೊತೆಗೆ ಬರುತ್ತೆ ಅನ್ನೋದು ನಿಮಗೆ ಗೊತ್ತಿದೆ ಅಂತ ತೋರಿಸುತ್ತೆ.

ಪ್ರತಿಕ್ರಿಯೆ (ಬೆಲ್ಲದ ವ್ಯಾಪಾರ, ಮದ್ದೂರು ಕಡೆಯವರು):
ಅಣ್ಣ, ನಮ್ಮ ಬೆಲ್ಲದ ಲಿಸ್ಟಿಂಗ್ ತಡೆ ಹಿಡಿದವ್ರೆ. ಶೀಟ್ ಮಾಡೋಕೆ ಬಂದ್ರೆ ಈ ಹುಡುಗಿನೇ ಸರಿ ಮಾಡಿಕೊಡ್ತಾಳಾ?

ಉತ್ತರ (ಕ್ಯಾಟಲಾಗ್ ಟೀಮ್ ಲೀಡ್):
ಅಣ್ಣ, ಅದು ಬೇರೆ ವಿಷಯ. ತಡೆಗೆ ಕಾರಣ ಸೆಲ್ಲರ್ ಪ್ಯಾನೆಲ್‌ನಲ್ಲೇ ಬರೆದಿರುತ್ತೆ, ಮೊದಲು ಅದನ್ನು ಓದಿ. ಆಹಾರ ಪದಾರ್ಥ ಆಗಿರೋದರಿಂದ ಎಫ್‌ಎಸ್‌ಎಸ್‌ಎಐನ 14 ಅಂಕಿಯ ನಂಬರ್ ಮತ್ತು ಪ್ಯಾಕೆಟ್ ಮೇಲಿನ ನಿವ್ವಳ ತೂಕ ಲಿಸ್ಟಿಂಗ್‌ನಲ್ಲಿರೋದಕ್ಕೆ ಹೊಂದುತ್ತಾ ನೋಡಿ. ಬೇರೆ ಪೋಸ್ಟ್ ಹಾಕಿ, ಮಾತಾಡೋಣ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್ ಸರ್. ಅವರದೇ ಲಿಸ್ಟಿಂಗ್ ನೋಡಿದೆ. ಟೈಟಲ್‌ನಲ್ಲಿ ಕಾಟನ್, ಕೆಳಗೆ ವಿವರದಲ್ಲಿ ರೇಯಾನ್ ಅಂತಿದೆ. ಪತ್ರದಲ್ಲಿ ಬರೆಯಲಾ?

ಉತ್ತರ (ಕ್ಯಾಟಲಾಗ್ ಟೀಮ್ ಲೀಡ್):
ಬರೆಯಿರಿ, ಒಂದೇ ಸಾಲು: "ಈ ಕುರ್ತಿಯ ಬಟ್ಟೆ ಟೈಟಲ್‌ನಲ್ಲಿ ಒಂದು, ವಿವರದಲ್ಲಿ ಇನ್ನೊಂದು ಇದೆ. ಸರಿ ಯಾವುದು ಎಂದು ಬಟ್ಟೆ ನೋಡದೆ ಹೇಳಲಾರೆ." ತಪ್ಪು ಅನ್ನೋ ಪದ ಬೇಡ.

ಉತ್ತರ (ಎಚ್‌ಆರ್ ವಿಭಾಗ):
ಇದನ್ನು ಒಪ್ಪಲ್ಲ. ಆ ಲಿಸ್ಟಿಂಗ್ ಮಾಡಿದವರೇ ಪತ್ರ ಓದುತ್ತಿದ್ದರೆ ಮುನಿಸಿಕೊಳ್ಳುತ್ತಾರೆ. ಸಂದರ್ಶನಕ್ಕೆ ಕರೆದಾಗ ಬಾಯಲ್ಲಿ ಹೇಳಲಿ.

ಉತ್ತರ (ಕ್ಯಾಟಲಾಗ್ ಟೀಮ್ ಲೀಡ್):
ಆ ಅಪಾಯ ಇಲ್ಲ ಅನ್ನಲ್ಲ. ಆದರೂ ನನ್ನ ಟೇಬಲ್ಲಿಗೆ ಬಂದರೆ ಅಂಥ ಪತ್ರವನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ನೀವೇ ನಿರ್ಧರಿಸಿ ಮೇಡಂ.

ಪ್ರಶ್ನೆ ಕೇಳಿದವರು:
ಶೀಟನ್ನು ಗೂಗಲ್ ಕೊಂಡಿಯಾಗಿ ಕೊಡಲಾ, ಫೈಲ್ ಲಗತ್ತಿಸಲಾ?

ಉತ್ತರ (ಕ್ಯಾಟಲಾಗ್ ಟೀಮ್ ಲೀಡ್):
ಎರಡೂ ಕೊಡಿ. ಕೊಂಡಿಯನ್ನು ಯಾರು ಬೇಕಾದರೂ ನೋಡಬಹುದು, ತಿದ್ದಲಾಗದು ಅನ್ನೋ ಹಾಗೆ ಇಡಿ. ಕಳಿಸುವ ಮೊದಲು ಇನ್‌ಕಾಗ್ನಿಟೋ ವಿಂಡೋದಲ್ಲಿ ತೆರೆದು ನೋಡಿ. ಅನುಮತಿ ಕೇಳಿದರೆ ಓದುವವರಿಗೂ ಅದೇ ಕೇಳುತ್ತೆ, ಅವರು ಕಾಯಲ್ಲ, ಮುಂದಿನ ಪತ್ರಕ್ಕೆ ಹೋಗ್ತಾರೆ.